ಸೊಸೆವೂರು ಶಶಕಪುರವಾದದ್ದು ಹೇಗೆ

ಚಿಕ್ಕಮಗಳೂರು ಜಿಲ್ಲೆಯ ಮೂಡಿಗೆರೆ ತಾಲ್ಲೂಕಿನಲ್ಲಿ ಅಂಗಡಿ ಎಂಬ ಸಣ್ಣ ಊರಿದೆ. ಹೊಯ್ಸಳರ ಮೂಲನೆಲೆ ಇದೇ. ಸಳನು ಹುಲಿಯನ್ನು ಹೊಯ್ದ ಕಥೆಯನ್ನು ಪರಂಪರೆ ಜೋಡಿಸುವುದೂ ಈ ನೆಲಕ್ಕೇ. ಆದರೆ ಹಳೆಯ ಶಾಸನಗಳಲ್ಲಿ ‘ಅಂಗಡಿ’ಯನ್ನು ಹುಡುಕಿದರೆ ಹೊಯ್ಸಳರ ತವರು ಸಿಗುವುದಿಲ್ಲ. ಅಲ್ಲಿ ಅದರ ಹೆಸರು ಸೊಸೆವೂರು. ಸಂಸ್ಕೃತದ ಗತ್ತು ಬೇಕಾದ ಕಡೆಗಳಲ್ಲಿ ಅದೇ ಊರು ಶಶಕಪುರವಾಗುತ್ತದೆ.

ಸೊಸೆವೂರು ಶಶಕಪುರವಾಗುವಾಗ ಎರಡು ಬದಲಾವಣೆಗಳಾಗಿವೆ. ಕೊನೆಯ ‘ಊರು’ ಹೋಗಿ ‘ಪುರ’ ಬಂದಿದೆ. ಇದು ಸರಳ ಅನುವಾದ. ಮೊದಲಿನ ‘ಸೊಸೆ’ ಹೋಗಿ ‘ಶಶಕ’ ಬಂದಿದೆ. ಇದು ಅನುವಾದವೇ ಅಲ್ಲ. ಶಶಕ ಎಂದರೆ ಮೊಲ, ಸೊಸೆಗೂ ಮೊಲಕ್ಕೂ ಯಾವ ನಂಟೂ ಇಲ್ಲ. ಬರೆಯುವವರಿಗೆ ಬೇಕಾಗಿದ್ದದ್ದು ಕಿವಿಗೆ ಹತ್ತಿರ ಕೇಳಿಸುವ ಒಂದು ಸಂಸ್ಕೃತ ಪದ, ಅಷ್ಟೆ. ಹೀಗೆ ಒಂದೇ ನೆಲಕ್ಕೆ ಮೂರು ಹೆಸರಾದವು. ನೆಲದಲ್ಲಿದ್ದವರು ಕರೆದದ್ದು ಸೊಸೆವೂರು, ಅರಮನೆಯ ಬರಹಕ್ಕೆ ಒಪ್ಪಿದ್ದು ಶಶಕಪುರ, ರಾಜಧಾನಿಯ ವೈಭವ ಕಳೆದ ಮೇಲೆ ಉಳಿದದ್ದು ಅಂಗಡಿ.

ಊರ ಹೆಸರಿನ ಕೊನೆಯ ತುಂಡಿನ ಬೆಲೆ ಇರುವುದು ಇಲ್ಲೇ. ಮೊದಲ ಭಾಗ ಸವೆಯುತ್ತದೆ, ತಿರುಚಿಕೊಳ್ಳುತ್ತದೆ, ಕಟ್ಟುಕಥೆಗೆ ಸಿಕ್ಕಿಕೊಳ್ಳುತ್ತದೆ. ಕೊನೆಯ ತುಂಡು ಮಾತ್ರ ಸಾವಿರಾರು ಊರುಗಳಲ್ಲಿ ಮತ್ತೆ ಮತ್ತೆ ಬರುವುದರಿಂದ ಅದರ ಅರ್ಥ ಸ್ಥಿರವಾಗಿರುತ್ತದೆ. ಈ ಹೆಸರನ್ನು ಇಟ್ಟವರು ಎಂಥವರು, ಯಾವ ಸಂದರ್ಭದಲ್ಲಿ ಇಟ್ಟರು ಎಂಬ ಸುಳಿವು ಅದರಲ್ಲಿರುತ್ತದೆ.

ಇವುಗಳಲ್ಲಿ ತೀರ ಹಳೆಯದು ‘ಊರು’. ಇದು ಕನ್ನಡದ್ದು ಮಾತ್ರವಲ್ಲ, ದ್ರಾವಿಡ ಭಾಷೆಗಳೆಲ್ಲದರ ಸಮಾನ ಆಸ್ತಿ. ತಮಿಳಿನ ತಂಜಾವೂರು, ತೆಲುಗಿನ ನೆಲ್ಲೂರು, ಮಲಯಾಳದ ತ್ರಿಶ್ಶೂರು ಎಲ್ಲದರ ಕೊನೆಯಲ್ಲೂ ಇರುವುದು ಇದೇ ಪದ. ಊರು ಎಂಬ ತುಂಡಿನ ಹಿಂದೆ ಸಾಮಾನ್ಯವಾಗಿ ಒಬ್ಬ ವ್ಯಕ್ತಿ ಇರುವುದಿಲ್ಲ. ಅಲ್ಲಿರುವುದು ಮರ, ಕಲ್ಲು, ನೀರು, ಅಥವಾ ಹೊಸದು ಹಳೆಯದು ಎಂಬ ಗುರುತು. ಹುಣಸೆಯಿಂದ ಹುಣಸೂರು, ಹೊಸತರಿಂದ ಹೊಸೂರು. ಅಲ್ಲಿ ಬದುಕಿದವರೇ, ಅಥವಾ ಪಕ್ಕದ ಊರಿನವರೇ, ಗುರುತಿಗಾಗಿ ಕರೆದ ಹೆಸರುಗಳಿವು. ಯಾರೂ ಸಮಾರಂಭ ಮಾಡಿ ಇಟ್ಟದ್ದಲ್ಲ.

ಆದರೆ ಊರು ಎಂಬ ಪದಕ್ಕೆ ಒಂದು ಗುಣವಿದೆ, ಅದೇ ಮುಂದೆ ತೊಂದರೆಯೂ ಆಗುತ್ತದೆ. ಅದು ಸ್ವರದಿಂದ ಶುರುವಾಗುತ್ತದೆ. ಹುಣಸೆ ಮತ್ತು ಊರು ಸೇರಿದಾಗ ಹುಣಸೆಯ ಕೊನೆಯ ಎಕಾರ ಲೋಪವಾಗುತ್ತದೆ, ಹೊಸ ಮತ್ತು ಊರು ಸೇರಿದಾಗ ಅಕಾರ ಲೋಪವಾಗುತ್ತದೆ. ಶಾಲೆಯಲ್ಲಿ ಓದಿದ ಲೋಪಸಂಧಿ ಇದೇ. ಎರಡು ಪದಗಳು ಒಂದರೊಳಗೊಂದು ಬೆಸೆದುಕೊಂಡು, ಸಂದು ಕಾಣದ ಹಾಗೆ ಆಗುತ್ತವೆ. ಹುಣಸೂರಿನಲ್ಲಿ ಹುಣಸೆ ಇನ್ನೂ ಗುರುತು ಸಿಗುತ್ತದೆ. ಆದರೆ ಮೊದಲ ಪದ ಬಳಕೆಯಿಂದ ಮರೆಯಾಗಿದ್ದರೆ, ಅದರ ಕೊನೆಯ ಸ್ವರ ಯಾವುದಿತ್ತು ಎಂಬುದೂ ಅಳಿಸಿಹೋಗಿರುತ್ತದೆ. ‘ಊರು’ ಕೊನೆಯ ಹೆಸರುಗಳ ಸುತ್ತಲೇ ಅತಿ ಹೆಚ್ಚು ಕಥೆಗಳು ಹುಟ್ಟಿಕೊಂಡಿರುವುದಕ್ಕೆ ನನ್ನ ಮಟ್ಟಿಗೆ ಇದೇ ದೊಡ್ಡ ಕಾರಣ. ಬಿಡಿಸಲಾಗದ ಗಂಟನ್ನು ಜನ ಕಥೆಯಿಂದ ಬಿಡಿಸುತ್ತಾರೆ.

ಬೆಂಗಳೂರಿನ ಕಥೆ ಎಲ್ಲರಿಗೂ ಗೊತ್ತು. ಬೇಟೆಯಲ್ಲಿ ದಾರಿ ತಪ್ಪಿದ ವೀರಬಲ್ಲಾಳನಿಗೆ ಮುದುಕಿಯೊಬ್ಬಳು ಬೆಂದ ಕಾಳು ಕೊಟ್ಟಳು, ಆದ್ದರಿಂದ ಬೆಂದಕಾಳೂರು ಎಂಬ ಕಥೆ ಅದು. ಇದನ್ನು ಪರೀಕ್ಷಿಸಲು ಬೇಗೂರಿಗೆ ಹೋದರೆ ಸಾಕು. ಅಲ್ಲಿನ ನಾಗೇಶ್ವರ ದೇವಾಲಯದಲ್ಲಿ ಗಂಗರ ಕಾಲದ, ಸುಮಾರು ಕ್ರಿ.ಶ. 890ರ ಒಂದು ವೀರಗಲ್ಲಿದೆ. ಬೆಂಗಳೂರಿನಲ್ಲಿ ನಡೆದ ಕಾಳಗವನ್ನು ಅದು ಹೆಸರಿಸಿ ಹೇಳುತ್ತದೆ. ಇಮ್ಮಡಿ ವೀರಬಲ್ಲಾಳ ಪಟ್ಟಕ್ಕೆ ಬಂದದ್ದು 1173ರಲ್ಲಿ. ಅಂದರೆ ಅವನು ಹಸಿದು ಬರುವುದಕ್ಕೆ ಮುನ್ನೂರು ವರ್ಷ ಮೊದಲೇ ಊರಿಗೆ ಆ ಹೆಸರಿತ್ತು. ಮೊದಲ ಭಾಗದ ಬಗ್ಗೆ ವಿದ್ವಾಂಸರಲ್ಲಿ ಬೇರೆ ಬೇರೆ ಊಹೆಗಳಿವೆ, ಮರದ ಹೆಸರಿನಿಂದ ಬಂತೆಂಬುದು ಅವುಗಳಲ್ಲೊಂದು. ಅವೆಲ್ಲದರ ನಡುವೆ ಅಲ್ಲಾಡದೆ ನಿಲ್ಲುವುದು ಕೊನೆಯ ‘ಊರು’. ಕೆಂಪೇಗೌಡರು ಕೋಟೆ ಪೇಟೆ ಕಟ್ಟುವುದಕ್ಕೆ ಬಹಳ ಹಿಂದೆಯೇ ಅಲ್ಲಿ ಒಂದು ನೆಲೆಸಿದ ಊರಿತ್ತು ಎಂದು ವೀರಗಲ್ಲು ಮತ್ತು ಆ ತುಂಡು ಎರಡೂ ಸೇರಿ ಹೇಳುತ್ತವೆ.

ಊರ ಹೆಸರಿನ ಬಗ್ಗೆ ಯಾವುದೇ ಕಥೆ ಕೇಳಿದಾಗ ನಾವು ಮಾಡಬಹುದಾದ ಮೊದಲ ಕೆಲಸ ಇದು. ಆ ಹೆಸರು ಮೊದಲು ಎಲ್ಲಿ ಬರೆಯಲ್ಪಟ್ಟಿದೆ, ಯಾವಾಗ, ಯಾವ ರೂಪದಲ್ಲಿ ಎಂದು ನೋಡುವುದು. ಹಳೆಯ ಮೈಸೂರು ಪ್ರಾಂತ್ಯದವರಿಗೆ ಇದು ಕಷ್ಟದ ಮಾತಲ್ಲ. ಬಿ.ಎಲ್. ರೈಸ್ ಸಂಪಾದಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳು ಜಿಲ್ಲೆವಾರು, ತಾಲ್ಲೂಕುವಾರು ಶಾಸನಗಳನ್ನು ಕೊಡುತ್ತವೆ. ನಮ್ಮ ತಾಲ್ಲೂಕಿನ ಪುಟಗಳನ್ನು ತಿರುವಿದರೆ ನಮ್ಮೂರೋ ನೆರೆಯೂರೋ ಸಿಕ್ಕೀತು.

ಹಾಗೆ ಪುಟ ತಿರುವುವವರಿಗೆ ಒಂದು ಎಚ್ಚರ ಬೇಕು. ‘ಹಳ್ಳಿ’ಯನ್ನು ಹಳೆಯ ಶಾಸನಗಳಲ್ಲಿ ಹ ಅಕ್ಷರದಲ್ಲಿ ಹುಡುಕಿದರೆ ಸಿಗುವುದಿಲ್ಲ. ಅಲ್ಲಿ ಅದು ‘ಪಳ್ಳಿ’. ಹಳಗನ್ನಡದಲ್ಲಿ ಪದದ ಮೊದಲಲ್ಲಿದ್ದ ಪಕಾರ ಸುಮಾರು ಹತ್ತನೆಯ ಶತಮಾನದಿಂದ ಮುಂದಕ್ಕೆ ನಿಧಾನವಾಗಿ ಹಕಾರವಾಗುತ್ತ ಬಂತು. ಪಾಲು ಹಾಲಾಯಿತು, ಪುಲಿ ಹುಲಿಯಾಯಿತು, ಪೊಸತು ಹೊಸತಾಯಿತು. ಹಾಗೆಯೇ ಪಾನುಂಗಲ್ ಎಂಬ ಊರು ಹಾನಗಲ್ಲಾಯಿತು, ಪಳ್ಳಿ ಹಳ್ಳಿಯಾಯಿತು. ಬದಲಾವಣೆ ಅಲ್ಲಿಗೇ ನಿಲ್ಲಲಿಲ್ಲ. ಮಂಡ್ಯ, ಮೈಸೂರು ಕಡೆಯ ಹಿರಿಯರ ಬಾಯಲ್ಲಿ ಹಕಾರವೂ ಉದುರಿ ಅದು ‘ಅಳ್ಳಿ’ ಆಗಿದೆ. ತಮಿಳು ತೆಲುಗುಗಳಲ್ಲಿ ಈ ಬದಲಾವಣೆ ಆಗಲಿಲ್ಲ. ಅದಕ್ಕೇ ತಿರುಚಿರಾಪಳ್ಳಿಯೂ ಮದನಪಲ್ಲಿಯೂ ಇಂದಿಗೂ ಪಕಾರದಲ್ಲೇ ಇವೆ. ತಮಿಳುನಾಡಿನ ಗಡಿಯೊಳಗಿರುವ ಹೊಸೂರಿನ ಹೆಸರಲ್ಲಿ ‘ಹೊಸ’ ಇರುವುದೇ ಆ ಹೆಸರಿಟ್ಟವರು ಕನ್ನಡ ಆಡುತ್ತಿದ್ದರು ಎಂಬುದಕ್ಕೆ ಸಾಕ್ಷಿ. ತಮಿಳರು ಇಟ್ಟಿದ್ದರೆ ಅದು ಪುದೂರು ಎಂದೋ ಪುತ್ತೂರು ಎಂದೋ ಆಗುತ್ತಿತ್ತು.

ಹಾಗಾದರೆ ‘ಪುರ’ ಯಾಕೆ ‘ಹುರ’ ಆಗಲಿಲ್ಲ? ಅದು ಸಂಸ್ಕೃತದಿಂದ ಬಂದ ಪದ, ಓದು ಬರಹ ಬಲ್ಲವರ ನಾಲಿಗೆಯ ಕಾವಲಿನಲ್ಲಿದ್ದ ಪದ. ಪಾಲು ಹಾಲಾದರೂ ಪುಸ್ತಕ ಪುಸ್ತಕವಾಗಿಯೇ ಉಳಿಯಲಿಲ್ಲವೇ, ಹಾಗೆ. ಒಂದೇ ನಾಡಿನಲ್ಲಿ ಹಳ್ಳಿ ಬದಲಾಗಿ ಪುರ ಬದಲಾಗದೆ ಉಳಿದದ್ದರಲ್ಲಿ ಎರಡು ಲೋಕಗಳು ಕಾಣುತ್ತವೆ. ಒಂದು ಆಡುಮಾತಿನ ಲೋಕ, ಇನ್ನೊಂದು ತಾಮ್ರಪಟ, ಶಾಸನಗಳ ಲೋಕ.

ಇದಕ್ಕೆ ಪಟ್ಟದಕಲ್ಲು ಚೆನ್ನಾದ ಉದಾಹರಣೆ. ‘ಕವಿರಾಜಮಾರ್ಗ’ ಕನ್ನಡದ ತಿರುಳ ನಾಡನ್ನು ಗುರುತಿಸಲು ಹೆಸರಿಸುವ ಊರುಗಳಲ್ಲಿ ಕಿಸುವೊಳಲ್ ಒಂದು. ಅದೇ ಇಂದಿನ ಪಟ್ಟದಕಲ್ಲು. ಕಿಸು ಎಂದರೆ ಕೆಂಪು. ಪೊಳಲ್ ಎಂದರೆ ಪಟ್ಟಣ, ಸಮಾಸದಲ್ಲಿ ಅದರ ಪಕಾರ ವಕಾರವಾಗಿದೆ. ಅಲ್ಲಿನ ಕೆಂಗಲ್ಲಿನ ಗುಡ್ಡಗಳನ್ನು ನೋಡಿದವರಿಗೆ ‘ಕೆಂಪು ಪಟ್ಟಣ’ ಎಂಬ ಹೆಸರಿಗೆ ಬೇರೆ ವಿವರಣೆ ಬೇಕಿಲ್ಲ. ಪಟ್ಟಣಕ್ಕೆ ಕನ್ನಡದ್ದೇ ಆದ ಪದ ಹೀಗೆ ನಮಗಿತ್ತು. ಇಂದು ಯಾರೂ ‘ಹೊಳಲಿಗೆ ಹೋಗಿ ಬರುತ್ತೇನೆ’ ಎನ್ನುವುದಿಲ್ಲ. ಪುರ, ನಗರ, ಪಟ್ಟಣಗಳು ಅದರ ಜಾಗವನ್ನು ಪೂರ್ತಿ ಆಕ್ರಮಿಸಿಕೊಂಡವು. ಆ ಪದ ಬದುಕಿರುವುದು ಹೊಳಲು, ಹೊಳಲ್ಕೆರೆಯಂಥ ಊರ ಹೆಸರುಗಳಲ್ಲಿ. ಸತ್ತ ಪದವೊಂದನ್ನು ಬಸ್ಸಿನ ಬೋರ್ಡಿನಲ್ಲಿ ಓದುವುದು ನನಗೆ ಪ್ರತಿ ಸಲವೂ ಸಂತೋಷದ ಸಂಗತಿ.

ಮತ್ತೆ ಹಳ್ಳಿಗೆ ಬರೋಣ. ತಮಿಳಿನಲ್ಲಿ, ಮಲಯಾಳದಲ್ಲಿ ಪಳ್ಳಿ ಎಂಬುದಕ್ಕೆ ಜೈನ ಬೌದ್ಧರ ನೆಲೆ, ಶಾಲೆ, ಪ್ರಾರ್ಥನಾಮಂದಿರ ಎಂಬ ಅರ್ಥಗಳೂ ಇವೆ. ಕೇರಳದಲ್ಲಿ ಮಸೀದಿ, ಚರ್ಚುಗಳನ್ನೂ ಪಳ್ಳಿ ಎನ್ನುತ್ತಾರೆ. ಕನ್ನಡದಲ್ಲಿ ಗಟ್ಟಿಯಾಗಿ ನಿಂತ ಅರ್ಥ ಸಣ್ಣ ನೆಲೆ ಎಂಬುದು. ಊರಿಗೂ ಹಳ್ಳಿಗೂ ಹೆಸರಿನ ಕಟ್ಟಡದಲ್ಲೇ ಒಂದು ವ್ಯತ್ಯಾಸವಿದೆ. ಚಿಕ್ಕನಾಯಕನಹಳ್ಳಿ, ಬೊಮ್ಮನಹಳ್ಳಿ, ಮಾರೇನಹಳ್ಳಿ ಎಂದು ಒಮ್ಮೆ ಗಟ್ಟಿಯಾಗಿ ಹೇಳಿ ನೋಡಿ. ನಡುವೆ ಒಂದು ‘ನ’ ಕೇಳಿಸುತ್ತದೆ. ಕುರುಬರಹಳ್ಳಿ, ಗೊಲ್ಲರಹಳ್ಳಿಗಳಲ್ಲಿ ‘ರ’ ಕೇಳಿಸುತ್ತದೆ. ಇದು ಷಷ್ಠೀ ವಿಭಕ್ತಿ, ಯಾರದು ಎಂದು ಹೇಳುವ ಪ್ರತ್ಯಯ. ಊರು ಎಲ್ಲಿದೆ, ಹೇಗಿದೆ ಎಂದು ‘ಊರು’ ಹೇಳಿದರೆ, ‘ಹಳ್ಳಿ’ ಹೆಚ್ಚಾಗಿ ಅದು ಯಾರದು ಎಂದು ಹೇಳುತ್ತದೆ. ಒಬ್ಬ ನಾಯಕ, ಒಬ್ಬ ಗೌಡ, ಒಂದು ಕುಲದ ನಾಲ್ಕಾರು ಮನೆಗಳು ಕಾಡು ಕಡಿದು, ಹೊಲ ಹಸನು ಮಾಡಿ ನೆಲೆ ನಿಂತದ್ದರ ಗುರುತು ಇದು. ಕೆಲವು ಕಡೆ ಆ ಪ್ರತ್ಯಯ ಸವೆದು ಮರೆಯಾಗಿರುತ್ತದೆ. ಹಾರೋಹಳ್ಳಿ ಮೂಲದಲ್ಲಿ ಹಾರುವರ ಹಳ್ಳಿ, ಅಂದರೆ ಬ್ರಾಹ್ಮಣರಿದ್ದ ಹಳ್ಳಿ. ಹಾರುವ ಎಂಬ ಪದ ಬಳಕೆ ತಪ್ಪಿದ ಮೇಲೆ ಹೆಸರು ಹಾರುವುದಕ್ಕೆ ಸಂಬಂಧಿಸಿದ್ದೇನೋ ಎನ್ನಿಸಿದರೆ ಆಶ್ಚರ್ಯವಿಲ್ಲ.

ಪುರದ ಹುಟ್ಟು ಬೇರೆಯೇ ಬಗೆಯದು, ಮತ್ತು ಅದಕ್ಕೆ ನಮ್ಮಲ್ಲಿ ದಾಖಲೆಯಿದೆ. ಮೈಸೂರು ಜಿಲ್ಲೆಯ ಸೋಮನಾಥಪುರವನ್ನು ತೆಗೆದುಕೊಳ್ಳಿ. ಹೊಯ್ಸಳ ಮೂರನೆಯ ನರಸಿಂಹನ ದಂಡನಾಯಕ ಸೋಮನಾಥ. ಕಾವೇರಿಯ ದಡದಲ್ಲಿ ಒಂದು ಅಗ್ರಹಾರ ಮಾಡಿದ, ಭೂಮಿಯನ್ನು ವೃತ್ತಿಗಳಾಗಿ, ಅಂದರೆ ಪಾಲುಗಳಾಗಿ, ಬ್ರಾಹ್ಮಣರಿಗೆ ಹಂಚಿದ, ಅದಕ್ಕೆ ತನ್ನದೇ ಹೆಸರಿಟ್ಟ. 1258ರಲ್ಲಿ ಕೇಶವ ದೇವಾಲಯದಲ್ಲಿ ಪ್ರತಿಷ್ಠೆ ಮಾಡಿಸಿದ. ಇದನ್ನೆಲ್ಲ ಕಲ್ಲಿನ ಮೇಲೆ ಬರೆಸಿ ದೇವಾಲಯದ ಬಾಗಿಲಲ್ಲೇ ನಿಲ್ಲಿಸಿದ. ಹುಣಸೂರು ಎಂದು ಮೊದಲು ಕರೆದವರು ಯಾರು ಎಂದು ಯಾರಿಗೂ ಗೊತ್ತಾಗಲಾರದು. ಸೋಮನಾಥಪುರಕ್ಕಾದರೆ ಹೆಸರಿಟ್ಟವನೂ ಕಾರಣವೂ ಕಾಲವೂ ಗೊತ್ತು. ಪುರಕ್ಕೆ ಇರುವ ಲಕ್ಷಣವೇ ಇದು. ಅದು ದಾನದ, ಅಧಿಕಾರದ, ಭಕ್ತಿಯ ಹೆಸರು. ಒಬ್ಬ ಅರಸನೋ ಅಧಿಕಾರಿಯೋ ದೇವರೋ ಅದರ ಮೊದಲ ಭಾಗದಲ್ಲಿರುತ್ತಾರೆ. ‘ಮಂಗಲ’ ಎಂಬ ಕೊನೆಯೂ ಹಲವೆಡೆ ಇದೇ ಜಾತಿಯದು, ವೇದ ಬಲ್ಲವರಿಗೆ ಬಿಟ್ಟುಕೊಟ್ಟ ಚತುರ್ವೇದಿಮಂಗಲಗಳ ನೆನಪು.

ದಾನಪತ್ರಗಳಲ್ಲಿ ಇನ್ನೊಂದು ರೂಢಿಯಿತ್ತು. ಆಗಲೇ ಜನ ನೆಲೆಸಿದ್ದ ಹಳ್ಳಿಯನ್ನು ದಾನ ಕೊಡುವಾಗ ಅದಕ್ಕೆ ಪುರ ಎಂದು ಮುಗಿಯುವ ಹೊಸ ಹೆಸರು ಕೊಟ್ಟು, ಅದನ್ನು ‘ಪ್ರತಿನಾಮ’ ಎಂದು ಬರೆಯುತ್ತಿದ್ದರು. ವಿಜಯನಗರ ಕಾಲದ ತಾಮ್ರಪಟಗಳಲ್ಲಿ ಇದು ಮತ್ತೆ ಮತ್ತೆ ಬರುತ್ತದೆ. ಇಂಥ ಪ್ರತಿನಾಮಗಳಲ್ಲಿ ಬಹಳಷ್ಟು ತಾಮ್ರಪಟದಲ್ಲೇ ಉಳಿದವು, ಜನ ಹಳೆಯ ಹೆಸರನ್ನೇ ಕರೆದರು. ಇನ್ನು ಕೆಲವು ಕಡೆ ಊರು ಎಂದಿರುವಾಗಲೇ ಗೌರವಕ್ಕೆಂದು ಪುರವನ್ನೂ ಹಚ್ಚಿದರು. ರಾಷ್ಟ್ರಕೂಟರು ತಮ್ಮ ಮೂಲನೆಲೆ ಲಟ್ಟಲೂರನ್ನು, ಅಂದರೆ ಇಂದಿನ ಮಹಾರಾಷ್ಟ್ರದ ಲಾತೂರನ್ನು, ನೆನೆದು ‘ಲಟ್ಟಲೂರಪುರವರಾಧೀಶ್ವರ’ ಎಂದು ಬಿರುದು ಹೇಳಿಕೊಂಡರು. ಅಲ್ಲಿ ಊರೂ ಇದೆ, ಪುರವೂ ಇದೆ.

ಗೆದ್ದವರು ಇಟ್ಟ ಪುರಗಳು ಎಷ್ಟು ಕಾಲ ಬಾಳುತ್ತವೆ ಎಂಬುದಕ್ಕೆ ತಲಕಾಡನ್ನು ನೋಡಬೇಕು. ಹನ್ನೊಂದನೆಯ ಶತಮಾನದ ಮೊದಲಲ್ಲಿ ಚೋಳರು ಗಂಗರ ರಾಜಧಾನಿ ತಲಕಾಡನ್ನು ಹಿಡಿದು ರಾಜರಾಜಪುರ ಎಂದು ಹೆಸರಿಟ್ಟರು. ಒಂದು ಶತಮಾನಕ್ಕೂ ಹೆಚ್ಚು ಕಾಲ ಅಧಿಕೃತ ಹೆಸರು ಅದೇ. 1116ರ ಸುಮಾರಿಗೆ ವಿಷ್ಣುವರ್ಧನ ಆ ಊರನ್ನು ಗೆದ್ದಾಗ ತೆಗೆದುಕೊಂಡ ಬಿರುದು ‘ತಲಕಾಡುಗೊಂಡ’. ನೂರು ವರ್ಷ ಕಳೆದರೂ ತಲಕಾಡು ಎಂಬ ಹೆಸರು ಜನರ ಬಾಯಿಂದ ಹೋಗಿರಲಿಲ್ಲ. ಇಂದು ರಾಜರಾಜಪುರ ಇರುವುದು ಶಾಸನಗಳಲ್ಲಿ ಮಾತ್ರ.

ಪುರ ಉಳಿದ ಕಡೆಗಳಲ್ಲೂ ಜನ ಅದನ್ನು ತಮ್ಮ ನಾಲಿಗೆಗೆ ಒಗ್ಗಿಸಿಕೊಂಡರು. ನರಸಿಂಹಪುರ ನರಸೀಪುರವಾಯಿತು. ಕಾವೇರಿ ಕಪಿಲೆಗಳ ಕೂಡಲಿನಲ್ಲಿರುವ ತಿರುಮಕೂಡಲು ನರಸೀಪುರದಲ್ಲಿ, ಹೇಮಾವತಿಯ ದಡದ ಹೊಳೆನರಸೀಪುರದಲ್ಲಿ ಆದದ್ದು ಇದೇ. ಇದಕ್ಕಿಂತ ದೊಡ್ಡ ಸವೆತ ಕಂಡದ್ದು ‘ಸಮುದ್ರ’. ಬೊಮ್ಮಸಂದ್ರ, ಸಿಂಗಸಂದ್ರ, ಜಕ್ಕಸಂದ್ರ, ತಿಪ್ಪಸಂದ್ರಗಳ ಸಂದ್ರ ಎಂದರೆ ಸಮುದ್ರ. ನಡುವಿನ ಮುಕಾರದ ಉಕಾರ ಬಿದ್ದುಹೋಗಿ, ಉಳಿದ ಮಕಾರ ದಕಾರದ ಪಕ್ಕದಲ್ಲಿ ನಕಾರವಾಗಿ ‘ಸಂದ್ರ’ ಆಗಿದೆ. ಕಡಲಿಗೆ ನೂರಾರು ಮೈಲಿ ದೂರದ ಬಯಲಿನಲ್ಲಿ ಸಮುದ್ರ ಎಲ್ಲಿಂದ ಬಂತೆಂದರೆ, ಅದು ಕಟ್ಟಿಸಿದ ಕೆರೆಯ ಹೆಸರು. ಕೆರೆಯನ್ನು ಕಟ್ಟಿಸಿದವರ ಹೆಸರಿಗೆ ಸಮುದ್ರ ಎಂದು ಸೇರಿಸುವುದು ಹಳೆಯ ರೂಢಿ. ಬೆಂಗಳೂರು, ಆನೇಕಲ್ಲು, ಕೋಲಾರದ ಕಡೆ ವರ್ಷವಿಡೀ ಹರಿಯುವ ಹೊಳೆಗಳಿಲ್ಲ. ಕೆರೆ ಕಟ್ಟಿದ ಮೇಲೆಯೇ ಅಲ್ಲಿ ಗದ್ದೆ, ಗದ್ದೆಯಾದ ಮೇಲೆಯೇ ಹಟ್ಟಿ ಮನೆ. ಆದ್ದರಿಂದ ಸಂದ್ರ ಎಂದು ಮುಗಿಯುವ ಊರಿನಲ್ಲಿ ಹೆಸರಿನ ಮೊದಲ ಹಕ್ಕು ನೀರಿಗೆ, ಆಮೇಲೆ ಜನರಿಗೆ. ಬೊಮ್ಮನಹಳ್ಳಿ, ಬೊಮ್ಮಸಂದ್ರ ಎರಡೂ ಒಂದೇ ಹೆದ್ದಾರಿಯ ಮೇಲಿವೆ. ಮೊದಲ ಭಾಗ ಒಂದೇ ಆದರೂ ಒಂದು ನೆಲೆಯ ಹೆಸರು, ಇನ್ನೊಂದು ಕೆರೆಯ ಹೆಸರು. ಯಾವುದೇ ಸಂದ್ರದ ಬಗ್ಗೆ ಅನುಮಾನ ಬಂದರೆ ಹಳೆಯ ನಕ್ಷೆಯಲ್ಲಿ ಕೆರೆಯ ಏರಿಯನ್ನು ಹುಡುಕಬೇಕು. ಕೆರೆ ಬತ್ತಿಯೋ ಬಡಾವಣೆಯ ಅಡಿಯಲ್ಲಿ ಸೇರಿಯೋ ಹೋಗಿದ್ದರೂ ಏರಿಯ ಗೆರೆ ಅಲ್ಲಿರುವುದುಂಟು.

ಈ ಸಮುದ್ರಗಳಲ್ಲಿ ಎಲ್ಲಕ್ಕಿಂತ ಹೆಸರಾದದ್ದು ದೋರಸಮುದ್ರ. ಅಲ್ಲಿನ ದೊಡ್ಡ ಕೆರೆಯ ಹೆಸರೇ ಹೊಯ್ಸಳ ರಾಜಧಾನಿಯ ಹೆಸರಾಯಿತು. ಅದನ್ನೂ ಸಂಸ್ಕೃತದಲ್ಲಿ ಇನ್ನಷ್ಟು ತಿದ್ದಿ ದ್ವಾರಸಮುದ್ರ ಎಂದರು, ಸೊಸೆವೂರನ್ನು ಶಶಕಪುರ ಮಾಡಿದ ಹಾಗೆಯೇ. ಅರಸ ನೆಲೆಸಿದ ಜಾಗವನ್ನು ಹೊಯ್ಸಳ ಶಾಸನಗಳು ‘ನೆಲೆವೀಡು’ ಎನ್ನುತ್ತವೆ, ಅಂದರೆ ಸ್ಥಿರವಾದ ಬೀಡು. ಹದಿನಾಲ್ಕನೆಯ ಶತಮಾನದ ದಾಳಿಗಳ ನಂತರ ಅರಸರು ಅಲ್ಲಿಂದ ಹೋದರು. ಸುತ್ತಲಿನ ಜನ ಆ ಜಾಗವನ್ನು ಹಳೆಯ ಬೀಡು ಎಂದರು. ಹಳೇಬೀಡು ಎಂಬ ಹೆಸರನ್ನು ಯಾವ ಅರಸನೂ ತನ್ನ ರಾಜಧಾನಿಗೆ ಇಡುವುದು ಸಾಧ್ಯವಿರಲಿಲ್ಲ. ಅರಸರಿಲ್ಲದ ಕಾಲದಲ್ಲಿ ಮಾತ್ರ ಹುಟ್ಟಬಹುದಾದ ಹೆಸರು ಅದು.

ಕಾಲ ಗೊತ್ತುಮಾಡಲು ಪಕಾರ ಹಕಾರಗಳ ಆ ನಿಯಮವನ್ನೇ ಬೇರೆ ಕೊನೆಗಳಿಗೂ ಹಚ್ಚಿ ನೋಡಬಹುದು. ಪಾಳ್ಯ, ಪೇಟೆ ಎರಡೂ ಪಕಾರದಲ್ಲೇ ಇವೆ. ಹಳ್ಳಿಯ ಹಾಗೆ ಇವು ಬದಲಾಗಲಿಲ್ಲ ಎಂದರೆ, ಆ ಬದಲಾವಣೆ ಮುಗಿದ ಮೇಲೆ ಊರ ಹೆಸರುಗಳಲ್ಲಿ ಬಳಕೆ ಹೆಚ್ಚಿಸಿಕೊಂಡವು ಎಂದು ಊಹಿಸಬಹುದು. ಪಾಳ್ಯ ಮೊದಲು ದಂಡು ಬೀಡುಬಿಟ್ಟ ಜಾಗ, ಆಮೇಲೆ ತಿಗಳರಪಾಳ್ಯದಂತೆ ಯಾವುದೇ ಹೊಸ ಬಡಾವಣೆ. ಉಳಿದ ಕೊನೆಗಳು ಸೀಮೆ ಸೀಮೆಗೆ ಬೇರೆ. ಚಿತ್ರದುರ್ಗದ ಕಡೆ ಪಶುಪಾಲಕರ ಹಟ್ಟಿ, ರಾಮನಗರ ಮಂಡ್ಯದ ಕಡೆ ದನ ಕೂಡುವ ದೊಡ್ಡಿ, ಮೈಸೂರಿನ ಆಸುಪಾಸಿನಲ್ಲಿ ಹುಂಡಿ, ಕೊಪ್ಪಲು. ಒಂದು ಊರಿನ ಹೆಸರನ್ನು ಬಿಡಿಯಾಗಿ ನೋಡುವುದಕ್ಕಿಂತ ಸುತ್ತಲಿನ ಹತ್ತು ಊರುಗಳ ಕೊನೆಗಳನ್ನು ಒಟ್ಟಿಗೆ ಬರೆದು ನೋಡಿದರೆ ಯಾವ ಊರು ಮೊದಲಿನದು, ಯಾವುದು ಅದರಿಂದ ಸಿಡಿದದ್ದು ಎಂಬುದು ಹೆಚ್ಚು ಸ್ಪಷ್ಟವಾಗುತ್ತದೆ. ಗ್ರಾಮದ ಜೊತೆ ಮಜರೆಗಳ ಹೆಸರನ್ನೂ ಸೇರಿಸಿಕೊಳ್ಳಬೇಕು. ಕಂದಾಯ ದಾಖಲೆಯಲ್ಲಿ ಬೇಚಿರಾಕ್ ಗ್ರಾಮ ಎಂದಿರುವ, ಜನವಸತಿಯಿಲ್ಲದ ಊರುಗಳನ್ನು ಬಿಡಬಾರದು. ಮನೆಗಳು ಅಳಿದರೂ ಸರ್ವೆ ನಂಬರುಗಳ ಮೇಲೆ ಆ ಹೆಸರು ಇನ್ನೂ ನಿಂತಿರುತ್ತದೆ.

2014ರ ನವೆಂಬರ್ 1ರಂದು ರಾಜ್ಯದ ಹನ್ನೆರಡು ನಗರಗಳ ಇಂಗ್ಲಿಷ್ ಕಾಗುಣಿತವನ್ನು ಕನ್ನಡದ ಉಚ್ಚಾರಕ್ಕೆ ತಕ್ಕಂತೆ ತಿದ್ದಲಾಯಿತು. ಬ್ಯಾಂಗಲೋರ್, ಮೈಸೋರ್, ಮ್ಯಾಂಗಲೋರ್‌ಗಳಲ್ಲಿ ‘ಓರ್’ ಆಗಿದ್ದ ತುಂಡು ಮತ್ತೆ ‘ಊರು’ ಆಯಿತು. ಆ ಪಟ್ಟಿಯಲ್ಲಿ ಹೊಸಪೇಟೆಯೂ ಇತ್ತು. ಕೃಷ್ಣದೇವರಾಯ ಕಟ್ಟಿಸಿದ ನಾಗಲಾಪುರ ಇದೇ ಊರು. ಚಕ್ರವರ್ತಿ ಇಟ್ಟ ಹೆಸರು ಬರಹಗಳಲ್ಲಿ ಉಳಿಯಿತು. ಅಲ್ಲಿ ವ್ಯಾಪಾರಕ್ಕೆ ಬಂದು ಹೋಗುವವರು ಅದನ್ನು ಹೊಸ ಪೇಟೆ ಎಂದಷ್ಟೇ ಕರೆದರು. ಐನೂರು ವರ್ಷಗಳ ನಂತರ ಸರ್ಕಾರ ಗೆಜೆಟ್ಟಿನಲ್ಲಿ ತಿದ್ದಿ ಪ್ರಕಟಿಸಿದ್ದು ಆ ವ್ಯಾಪಾರಿಗಳ ಹೆಸರನ್ನು.